ಹೆಸರು ಬದಲಾಗಲಿ, ಗುರುತು ಉಳಿಯಲಿ: ಲೋಗೊ, ಹೆಸರು, ಹ್ಯಾಂಡಲ್ ಬದಲಿಸುವ ಮುನ್ನ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಸಣ್ಣದೊಂದು ಅಂಗಡಿ, ಮನೆಯಿಂದಲೇ ನಡೆಸುವ ಉದ್ಯಮ ಅಥವಾ ಒಂದು ಯೂಟ್ಯೂಬ್ ಚಾನೆಲ್ ಇಟ್ಟುಕೊಂಡು, ಅದರ ಹೆಸರನ್ನೇ ಬದಲಿಸಬೇಕಾಗಿ ಬಂದಿರುವವರಿಗಾಗಿ ಇವತ್ತಿನ ಸಂಚಿಕೆ. ಹೆಸರು ಬದಲಿಸೋದು ಸುಲಭ. ಮೊಬೈಲ್‌ನಲ್ಲಿ ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷದಿಂದ ನಾಲ್ಕೈದು ವರ್ಷ ಕೂಡಿಸಿದ ಗಿರಾಕಿಗಳು ದಾರಿ ತಪ್ಪಬಹುದು. ಅವರು ಸಿಟ್ಟಾಗಿ ಹೋಗೋದಿಲ್ಲ. ‘ಇದು ಯಾರೋ ಬೇರೆಯವರು’ ಅಂದುಕೊಂಡು ಸುಮ್ಮನೆ ಹೋಗಿಬಿಡುತ್ತಾರೆ. ಹೋದದ್ದು ನಮಗೆ ಗೊತ್ತೂ ಆಗೋದಿಲ್ಲ.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದಲ್ಲಿ ಒಬ್ಬ ಅಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾರೆ ಅಂತ ಊಹಿಸಿಕೊಳ್ಳಿ. ಇನ್‌ಸ್ಟಾಗ್ರಾಂನಲ್ಲಿ 18 ಸಾವಿರ ಜನ ಫಾಲೋ ಮಾಡುತ್ತಾರೆ. ಒಂದು ಯೂಟ್ಯೂಬ್ ಚಾನೆಲ್ ಇದೆ, ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಇದೆ, ಚಿಕ್ಕದೊಂದು ವೆಬ್‌ಸೈಟ್ ಇದೆ, ಆರ್ಡರ್ ಎಲ್ಲಾ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಅಂಗಡಿಯ ಹೆಸರಿನಲ್ಲಿ ಊರಿನ ಹೆಸರೇ ಇದೆ. ಈಗ ಬೆಂಗಳೂರು, ಪುಣೆಗೂ ಪಾರ್ಸೆಲ್ ಹೋಗುತ್ತಿದೆ. ಅದೇ ಊರಲ್ಲಿ ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಂದು ಅಂಗಡಿಯೂ ಶುರುವಾಗಿದೆ. ಹಾಗಾಗಿ ಹೆಸರು ಬದಲಿಸಬೇಕು. ಹಳೆಯ ಹ್ಯಾಂಡಲ್ಲನ್ನು `@halehesaru` ಅಂತಲೂ ಹೊಸದನ್ನು `@hosahesaru` ಅಂತಲೂ ಕರೆಯೋಣ. ಈ ಅಕ್ಕ ಏನನ್ನು ಮೊದಲು ಮಾಡಬೇಕು, ಏನನ್ನು ಕೊನೆಗೆ ಮಾಡಬೇಕು ಅನ್ನೋದೇ ಇವತ್ತಿನ ಮಾತು.

ಮೂರೂ ಒಂದೇ ಅಲ್ಲ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಲೋಗೊ, ಹೆಸರು, ಹ್ಯಾಂಡಲ್ ಈ ಮೂರನ್ನೂ ನಾವು ಒಂದೇ ಉಸಿರಲ್ಲಿ ಹೇಳುತ್ತೇವೆ. ಆದರೆ ಮೂರರ ಕೆಲಸ ಬೇರೆ, ಮೂರೂ ಕೈಕೊಡುವ ರೀತಿಯೂ ಬೇರೆ.

ಲೋಗೊ ಇರುವುದು ಕಣ್ಣಿಗೆ. ಮೊಬೈಲ್‌ನಲ್ಲಿ ಬೆರಳಿಂದ ಸರಸರ ಮೇಲೆ ತಳ್ಳುವಾಗ ಯಾರೂ ಹೆಸರು ಓದೋದಿಲ್ಲ. ಆ ಪುಟ್ಟ ದುಂಡು ಚಿತ್ರದ ಬಣ್ಣ ನೋಡಿ ‘ಇದು ಅವರದು’ ಅಂತ ಗುರುತು ಹಿಡಿಯುತ್ತಾರೆ. ಹೆಸರು ಇರುವುದು ಬಾಯಿಗೆ ಮತ್ತು ನೆನಪಿಗೆ. ಪಕ್ಕದ ಮನೆಯವರಿಗೆ ಹೇಳುವಾಗ, ಗೂಗಲ್‌ನಲ್ಲಿ ಹುಡುಕುವಾಗ ಬಳಕೆಯಾಗೋದು ಅದು. ಹ್ಯಾಂಡಲ್ ಅಂದರೆ ವಿಳಾಸ. ಅದು ಜನರ ನೆನಪಿನಲ್ಲಿರೋದು ಕಡಿಮೆ. ವಿಸಿಟಿಂಗ್ ಕಾರ್ಡಿನಲ್ಲಿ, ರೊಟ್ಟಿ ಪ್ಯಾಕೆಟ್ಟಿನ ಮೇಲಿನ ಕ್ಯುಆರ್ ಕೋಡ್‌ನಲ್ಲಿ, ಯಾರೋ ಎರಡು ವರ್ಷದ ಹಿಂದೆ ಬರೆದ ಲೇಖನದ ಲಿಂಕ್‌ನಲ್ಲಿ ಕೂತಿರುತ್ತದೆ.

ಲೋಗೊ ಕೆಟ್ಟರೆ ಜನ ಗುರುತು ಹಿಡಿಯೋದಿಲ್ಲ. ಹೆಸರು ಕೆಟ್ಟರೆ ಹುಡುಕಿದರೂ ಸಿಗೋದಿಲ್ಲ. ಹ್ಯಾಂಡಲ್ ಕೆಟ್ಟರೆ ಹುಡುಕಿಕೊಂಡು ಬಂದವರಿಗೆ ಬಾಗಿಲು ಮುಚ್ಚಿರುತ್ತದೆ. ಇನ್ನೂ ಕೆಟ್ಟದ್ದು, ಆ ಬಾಗಿಲ ಹಿಂದೆ ಬೇರೆ ಯಾರೋ ಕೂತಿರಬಹುದು.

ಲೋಗೊ ಒಂದೇ ಬದಲಾದರೆ ಏನಾಗುತ್ತೆ ಅನ್ನೋದಕ್ಕೆ ಜಾಹೀರಾತು ಲೋಕದಲ್ಲಿ ಪದೇ ಪದೇ ಹೇಳುವ ಪ್ರಸಂಗ ಟ್ರಾಪಿಕಾನಾದ್ದು. 2009ರ ಜನವರಿಯಲ್ಲಿ ಅಮೆರಿಕದಲ್ಲಿ ಈ ಕಿತ್ತಳೆ ರಸದ ಡಬ್ಬದ ವಿನ್ಯಾಸ ಬದಲಾಯಿತು. ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣಿನ ಹಳೇ ಚಿತ್ರ ಹೋಗಿ, ಲೋಟದಲ್ಲಿನ ರಸದ ಚಿತ್ರ ಬಂತು. ಹೆಸರು ಅದೇ, ರಸ ಅದೇ, ಅಂಗಡಿಯೂ ಅದೇ. ಆದರೂ ಎರಡು ತಿಂಗಳಾಗುವ ಮೊದಲೇ ಮಾರಾಟ ಸುಮಾರು ಶೇ 20ರಷ್ಟು ಕುಸಿಯಿತು. ಕಂಪನಿ ಹಳೇ ಡಬ್ಬಕ್ಕೇ ಮರಳಿತು. ಜನ ಕಪಾಟಿನ ಮುಂದೆ ನಿಂತು ಹೆಸರು ಓದುತ್ತಿರಲಿಲ್ಲ, ಹಣ್ಣನ್ನು ಹುಡುಕುತ್ತಿದ್ದರು. ಹಣ್ಣು ಕಾಣಲಿಲ್ಲ, ಪಕ್ಕದ ಡಬ್ಬಕ್ಕೆ ಕೈ ಹಾಕಿದರು. ಅಷ್ಟೇ.

ಒಂದು ಕೈ ಹಿಡಿದಿರಬೇಕು

ಹಾಗಾದರೆ ಬದಲಿಸಲೇಬಾರದೇ? ಬದಲಿಸಬಹುದು. ಆದರೆ ಒಂದು ನಿಯಮ ಇದೆ: ಪ್ರತಿ ಹಂತದಲ್ಲೂ ಗಿರಾಕಿಗೆ ಪರಿಚಯವಿರುವ ಏನಾದರೂ ಒಂದು ಬದಲಾಗದೆ ಉಳಿದಿರಬೇಕು. ಕತ್ತಲ ಕೋಣೆಯಲ್ಲಿ ಮಗುವನ್ನು ದಾಟಿಸುವಾಗ ಒಂದು ಕೈ ಹಿಡಿದೇ ಇರುತ್ತೇವಲ್ಲ, ಹಾಗೆ.

ನಮ್ಮಲ್ಲೇ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು 2007ರ ಸೆಪ್ಟೆಂಬರ್‌ನಲ್ಲಿ. ಹಚ್ ಮೊಬೈಲ್ ಕಂಪನಿ ವೊಡಾಫೋನ್ ಆಯಿತು. ಹೆಸರು ಹೋಯಿತು, ಗುಲಾಬಿ ಬಣ್ಣ ಹೋಗಿ ಕೆಂಪು ಬಂತು. ಆದರೆ ಜಾಹೀರಾತಿನಲ್ಲಿ ಕಂಡದ್ದು ಯಾರು? ಅದೇ ಪಗ್ ನಾಯಿಮರಿ. ಗುಲಾಬಿ ಗೂಡಿನಿಂದ ಹೊರಗೆ ಹೋದದ್ದು ವಾಪಸ್ ಬಂದು ಕೆಂಪು ಗೂಡಿಗೆ ಹೋಗುತ್ತದೆ. ಹಚ್ ಈಗ ವೊಡಾಫೋನ್, ಅಷ್ಟೇ ಸಂದೇಶ. ನಿಮ್ಮ ಮೊಬೈಲ್ ನಂಬರ್ ಅದೇ, ಸಿಮ್ ಅದೇ, ನಾಯಿಯೂ ಅದೇ. ಎರಡು ದೊಡ್ಡ ಸಂಗತಿ ಬದಲಾದರೂ ಜನರ ಕೈ ಬಿಡಲಿಲ್ಲ.

ಇದಕ್ಕೆ ತೀರಾ ಉಲ್ಟಾ ನಡೆದದ್ದು ಟ್ವಿಟರ್‌ನಲ್ಲಿ. 2023ರ ಜುಲೈ ಕೊನೆಯಲ್ಲಿ ಒಂದೆರಡು ದಿನದೊಳಗೆ ಹೆಸರು ಎಕ್ಸ್ ಆಯಿತು, ನೀಲಿ ಹಕ್ಕಿ ಹೋಗಿ ಕಪ್ಪು ಬಿಳುಪಿನ ಅಕ್ಷರ ಬಂತು. ಕಣ್ಣಿಗೆ ಕಾಣುವ ಎಲ್ಲವೂ ಒಂದೇ ಸಲ ಬದಲಾಯಿತು. ಆದರೆ ವಿಳಾಸ? ಅದು `twitter.com` ಆಗಿಯೇ ಉಳಿಯಿತು. ಪೂರ್ತಿಯಾಗಿ `x.com`ಗೆ ಹೋದದ್ದು 2024ರ ಮೇ ತಿಂಗಳಲ್ಲಿ. ಸುಮಾರು ಹತ್ತು ತಿಂಗಳು ಬೋರ್ಡಿನಲ್ಲಿ ಒಂದು, ವಿಳಾಸದಲ್ಲಿ ಇನ್ನೊಂದು. ಪತ್ರಿಕೆಗಳು ‘ಎಕ್ಸ್ (ಹಿಂದಿನ ಟ್ವಿಟರ್)’ ಅಂತ ಬರೆದೂ ಬರೆದೂ ಸಾಕಾದವು.

ಈ ನಡುವೆ 2024ರ ಏಪ್ರಿಲ್‌ನಲ್ಲಿ ಒಂದು ಎಡವಟ್ಟು ನಡೆಯಿತು. ಐಫೋನ್ ಆ್ಯಪ್‌ನಲ್ಲಿ ಯಾರಾದರೂ `twitter.com` ಅಂತ ಬರೆದರೆ ಅದು ತಾನಾಗಿಯೇ `x.com` ಅಂತ ಕಾಣುವಂತೆ ಮಾಡಿದರು. ಪದದ ಕೊನೆಯಲ್ಲಿ ಆ ಅಕ್ಷರಗಳು ಇದ್ದರೂ ಸಾಕಿತ್ತು. `netflitwitter.com` ಅಂತ ಬರೆದರೆ ಓದುವವರ ಕಣ್ಣಿಗೆ `netflix.com` ಅಂತ ಕಾಣುತ್ತಿತ್ತು, ಒತ್ತಿದರೆ ಹೋಗುತ್ತಿದ್ದದ್ದು ಮೊದಲನೆಯದಕ್ಕೆ. ವಂಚಕರಿಗೆ ಬಾಗಿಲು ತೆರೆದಿಟ್ಟ ಹಾಗೆ. ಬೇಗನೇ ಸರಿಪಡಿಸಿದರು. ಆದರೆ ನಮಗೆ ಬೇಕಾದ ಪಾಠ ಅಲ್ಲಿದೆ: ಬದಲಾವಣೆಯಲ್ಲಿ ಅತಿ ಅಪಾಯದ ಭಾಗ ಲೋಗೊ ಅಲ್ಲ, ವಿಳಾಸ. ಎಕ್ಸ್ ತುಂಬ ದೊಡ್ಡದು, ತಡೆದುಕೊಂಡಿತು. ರೊಟ್ಟಿ ಮಾರುವ ಅಕ್ಕನಿಗೆ ಆ ಅನುಕೂಲ ಇಲ್ಲ.

ಹೊಸ ಹೆಸರನ್ನು ಫೋನ್‌ನಲ್ಲಿ ಹೇಳಿ ನೋಡಿ

ಈಗ ಅಕ್ಕನ ಕೆಲಸಕ್ಕೆ ಬರೋಣ. ಹೆಸರು ಬದಲಿಸುವ ದಿನಕ್ಕಿಂತ ಒಂದು ತಿಂಗಳು ಮೊದಲೇ ಮಾಡಬೇಕಾದ ಕೆಲಸ ಕೆಲವು ಇವೆ.

ಮೊದಲನೆಯದು ಕನ್ನಡದ ಹೆಸರುಗಳಿಗೇ ವಿಶೇಷವಾದ ಸಮಸ್ಯೆ. ಹೆಸರು ಕನ್ನಡದಲ್ಲಿ ಚೆಂದ ಇರುತ್ತದೆ, ಹ್ಯಾಂಡಲ್ ಮಾತ್ರ ಹೆಚ್ಚಿನ ಕಡೆ ಇಂಗ್ಲಿಷ್ ಅಕ್ಷರದಲ್ಲಿ ಇರಬೇಕು. ‘ಊಟ’ ಅನ್ನೋದನ್ನು `oota` ಅಂತಲೂ ಬರೆಯುತ್ತಾರೆ, `uta` ಅಂತಲೂ ಬರೆಯುತ್ತಾರೆ. ‘ಮಲೆನಾಡು’ ಅಂದರೆ `malenadu` ಅಂತ ಬರೆಯುವವರೂ ಇದ್ದಾರೆ, `malnad` ಅಂತ ಬರೆಯುವವರೂ ಇದ್ದಾರೆ. ಳ, ಣ, ದೀರ್ಘ, ಒತ್ತಕ್ಷರ ಬಂದರಂತೂ ಕೇಳೋದೇ ಬೇಡ. ಅದಕ್ಕೊಂದು ಸರಳ ಪರೀಕ್ಷೆ ಇದೆ. ಐದಾರು ಪರಿಚಯದವರಿಗೆ ಫೋನ್ ಮಾಡಿ ಹೊಸ ಹೆಸರನ್ನು ಬಾಯಲ್ಲಿ ಹೇಳಿ, ‘ಇದನ್ನ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಕಳಿಸಿ’ ಅನ್ನಿ. ಎಲ್ಲರೂ ಒಂದೇ ಥರ ಕಳಿಸಿದರೆ ಹೆಸರು ಗಟ್ಟಿ. ಮೂರು ಥರ ಬಂದರೆ, ಒಂದೋ ಹೆಸರು ಬದಲಿಸಿ, ಇಲ್ಲವೇ ಆ ಮೂರೂ ಕಾಗುಣಿತದ ಹ್ಯಾಂಡಲ್‌ಗಳನ್ನು ನೀವೇ ತೆಗೆದಿಡಿ.

ಎರಡನೆಯದು, ಯಾರಿಗೂ ಹೇಳುವ ಮೊದಲು ಜಾಗ ಹಿಡಿಯೋದು. ನೀವು ಬಳಸುವ ಎಲ್ಲ ಕಡೆ ಹೊಸ ಹ್ಯಾಂಡಲ್ ಖಾಲಿ ಇದೆಯಾ ನೋಡಿ, ಖಾಲಿ ಖಾತೆ ತೆರೆದು ಹಿಡಿದಿಡಿ, ವೆಬ್‌ಸೈಟ್ ಹೆಸರನ್ನೂ ಕೊಂಡಿಡಿ. ಹಾಗೆಯೇ ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಆ ಹೆಸರನ್ನು ಯಾರಾದರೂ ಆಗಲೇ ನೋಂದಾಯಿಸಿದ್ದಾರಾ ಅಂತ ಹುಡುಕಿ. ಹುಡುಕೋದಕ್ಕೆ ದುಡ್ಡು ಬೇಡ. ಸುದ್ದಿ ಮೊದಲು ಹೊರಬಿದ್ದರೆ, ಹ್ಯಾಂಡಲ್ ಬೇರೆಯವರ ಪಾಲಾಗಿ ಅವರು ಬೆಲೆ ಕಟ್ಟಿ ಕೂರಬಹುದು.

ಮೂರನೆಯದು ಕಾಗದಪತ್ರ. ಪ್ಯಾಕೆಟ್ಟಿನ ಮೇಲೆ ಹಾಕುವ ಉತ್ಪಾದಕರ ಹೆಸರು ಎಫ್ಎಸ್ಎಸ್ಎಐ ಪರವಾನಗಿಯಲ್ಲಿ ಇರುವ ಹೆಸರಿಗೆ ಹೊಂದಬೇಕು. ಜಿಎಸ್‌ಟಿ ನೋಂದಣಿಯಲ್ಲಿ ಹೆಸರು ಬದಲಾದರೆ 15 ದಿನದೊಳಗೆ ತಿದ್ದುಪಡಿಗೆ ಅರ್ಜಿ ಹಾಕಬೇಕು. ಹೊಸ ಚೀಲ ಹತ್ತು ಸಾವಿರ ಅಚ್ಚು ಹಾಕಿಸಿದ ಮೇಲೆ ಇದು ನೆನಪಾದರೆ ಕಷ್ಟ.

ಇನ್ನು ದಿನ ಗೊತ್ತು ಮಾಡುವಾಗ ದಸರಾ, ದೀಪಾವಳಿ ಆಸುಪಾಸು ಬೇಡ. ಆರ್ಡರ್ ಜಾಸ್ತಿ ಇರುವ ಹೊತ್ತಿನಲ್ಲಿ ‘ಇದು ನೀವೇನಾ?’ ಅನ್ನೋ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೂರಲಿಕ್ಕೆ ಆಗೋದಿಲ್ಲ.

ಯಾವುದು ಮೊದಲು?

ಇನ್‌ಸ್ಟಾಗ್ರಾಂನಿಂದ ಶುರು ಮಾಡೋಣ. ಮೊದಲ ಮಾತು: ಹೊಸ ಹೆಸರಲ್ಲಿ ಹೊಸ ಖಾತೆಯಿಂದ ಕೆಲಸ ಶುರು ಮಾಡಿ, ‘ಎಲ್ಲರೂ ಅಲ್ಲಿಗೆ ಬನ್ನಿ’ ಅಂತ ಕರೆಯಬೇಡಿ. ಕರೆದರೆ ಬರುವವರು ಸ್ವಲ್ಪ ಜನ ಮಾತ್ರ. ಇರುವ ಖಾತೆಯ ಹ್ಯಾಂಡಲ್ಲನ್ನೇ ಬದಲಿಸಿದರೆ 18 ಸಾವಿರ ಜನರೂ, ಹಳೇ ಪೋಸ್ಟ್‌ಗಳೂ, ಬಂದ ಸಂದೇಶಗಳೂ ಹಾಗೇ ಉಳಿಯುತ್ತವೆ. ಮೊದಲೇ ಹಿಡಿದಿಟ್ಟ ಖಾಲಿ ಖಾತೆಯಿಂದ ಆ ಹೆಸರನ್ನು ಬಿಡಿಸಿ ಹಳೇ ಖಾತೆಗೆ ಹಾಕಬೇಕು. ಹೀಗೆ ಬಿಡಿಸಿದ ಹೆಸರು ಕೆಲವೊಮ್ಮೆ ತಕ್ಷಣ ಸಿಗದೇ ಇರಬಹುದು. ಹಾಗಾಗಿ ಹೆಸರು ಬದಲಿಸುವ ದಿನಕ್ಕೆ ಎರಡು ಮೂರು ವಾರ ಮುಂಚೆಯೇ ಅದನ್ನು ಬಿಡಿಸಿಟ್ಟುಕೊಳ್ಳೋದು ಒಳ್ಳೆಯದು.

ಈಗ ಕ್ರಮ. ಮೊದಲು ಲೋಗೊ ಬದಲಿಸಿ. ಹೆಸರು, ಹ್ಯಾಂಡಲ್ ಎರಡೂ ಹಳೆಯದೇ ಇರಲಿ. ಯಾಕೆ ಅಂದರೆ ಫಾಲೋ ಮಾಡಿದವರು ಕೈಬಿಡುವ ಕ್ಷಣ ಯಾವುದು ನೋಡಿ: ಫೀಡ್‌ನಲ್ಲಿ ಗೊತ್ತಿಲ್ಲದ ಚಿತ್ರ, ಗೊತ್ತಿಲ್ಲದ ಹೆಸರು ಒಟ್ಟಿಗೆ ಕಂಡಾಗ. ‘ಇವರನ್ನ ನಾನು ಯಾವಾಗ ಫಾಲೋ ಮಾಡಿದೆ?’ ಅಂತ ಅನ್ನಿಸಿದ ಕೂಡಲೇ ಅನ್‌ಫಾಲೋ ಒತ್ತುತ್ತಾರೆ. ಚಿತ್ರ ಹೊಸದಾದರೂ ಪಕ್ಕದಲ್ಲಿ ಹಳೇ ಹೆಸರು ಇದ್ದರೆ ‘ಓಹೋ, ಲೋಗೊ ಬದಲಾಯಿತು’ ಅಂದುಕೊಳ್ಳುತ್ತಾರೆ. ಸಾಧ್ಯವಾದರೆ ಹಳೇ ಲೋಗೊದ ಬಣ್ಣವನ್ನೋ ಒಂದು ಆಕಾರವನ್ನೋ ಹೊಸದರಲ್ಲಿ ಉಳಿಸಿ. ಹಳದಿ ಹಿನ್ನೆಲೆಯಲ್ಲಿ ರೊಟ್ಟಿ ಇತ್ತಾ? ರೊಟ್ಟಿ ಬಿಡಿಸುವ ಶೈಲಿ ಬದಲಾಗಲಿ, ಹಳದಿ ಉಳಿಯಲಿ.

ಎರಡು ವಾರ ಬಿಟ್ಟು ಹೆಸರಿಗೆ ಕೈ ಹಾಕಿ. ಇನ್‌ಸ್ಟಾಗ್ರಾಂನಲ್ಲಿ ಹ್ಯಾಂಡಲ್ ಬೇರೆ, ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ ಹೆಸರು ಬೇರೆ. ಆ ಹೆಸರಿನ ಜಾಗದಲ್ಲಿ ಎರಡೂ ಹೆಸರು ಹಾಕಿ: ಮೊದಲು ಹೊಸದು, ನಡುವೆ ಒಂದು ಗೆರೆ, ಆಮೇಲೆ ಹಳೆಯದು. ಹುಡುಕುವಾಗ ಈ ಜಾಗದ ಅಕ್ಷರಗಳೂ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಹಳೇ ಹೆಸರಲ್ಲಿ ಹುಡುಕಿದರೂ ನೀವೇ ಸಿಗುತ್ತೀರಿ. ಈ ಹೆಸರನ್ನು 14 ದಿನದಲ್ಲಿ ಎರಡೇ ಸಲ ಬದಲಿಸಬಹುದು. ಆದ್ದರಿಂದ ಕಾಗುಣಿತ ನೋಡಿಕೊಂಡು ಹಾಕಿ, ತಪ್ಪಾದರೆ ತಿದ್ದೋದಕ್ಕೆ ಅವಕಾಶ ಒಂದೇ.

ಹೊಸ ಲೋಗೊ ಕಣ್ಣಿಗೆ ಪರಿಚಯವಾಗಿದೆ, ಹೊಸ ಹೆಸರು ಹಳೇ ಹೆಸರಿನ ಪಕ್ಕ ಕೂತು ಪರಿಚಯವಾಗಿದೆ ಅಂದಮೇಲೆ, ಮತ್ತೊಂದೆರಡು ವಾರ ಬಿಟ್ಟು ಹ್ಯಾಂಡಲ್ ಬದಲಿಸಿ. ಅದನ್ನು ಮಾತ್ರ ಎಲ್ಲ ಕಡೆ ಒಂದೇ ಬೆಳಿಗ್ಗೆ ಮಾಡಿ. ಇನ್‌ಸ್ಟಾಗ್ರಾಂ ಇವತ್ತು, ಫೇಸ್‌ಬುಕ್ ಮುಂದಿನ ವಾರ ಅಂತ ಎಳೆದರೆ ನಿಮ್ಮದೇ ಎರಡು ಖಾತೆಗಳು ಒಂದಕ್ಕೊಂದು ನಕಲಿಯಂತೆ ಕಾಣುತ್ತವೆ. ಫೇಸ್‌ಬುಕ್ ಪುಟದ ಹೆಸರು ಬದಲಾವಣೆಗೆ ಪರಿಶೀಲನೆ ಇರುತ್ತದೆ, ಒಪ್ಪಿಗೆ ಸಿಕ್ಕ ಮೇಲೆ ಏಳು ದಿನ ಮತ್ತೆ ಬದಲಿಸಲು ಆಗೋದಿಲ್ಲ. ಆ ಅರ್ಜಿಯನ್ನು ಕೆಲವು ದಿನ ಮೊದಲೇ ಹಾಕಿಡಿ.

ಒಬ್ಬ ಕೇಳುಗರು ಕೇಳಿದ್ದರು: ‘ನಮಗೆ ನೀಲಿ ಟಿಕ್ ಇದೆ, ಹೋಗುತ್ತಾ?’ ಅಂತ. ಎಕ್ಸ್‌ನಲ್ಲಿ ಹೆಸರು, ಹ್ಯಾಂಡಲ್, ಚಿತ್ರ ಯಾವುದನ್ನು ಬದಲಿಸಿದರೂ ಪರಿಶೀಲನೆ ಮುಗಿಯುವ ತನಕ ಟಿಕ್ ಕಾಣೋದಿಲ್ಲ. ಯೂಟ್ಯೂಬ್‌ನಲ್ಲಿ ಚಾನೆಲ್ ಹೆಸರು ಬದಲಿಸಿದರೆ ಟಿಕ್ ಹೋಗುತ್ತದೆ, ಮತ್ತೆ ಅರ್ಜಿ ಹಾಕಬೇಕು. ಹ್ಯಾಂಡಲ್ ಮಾತ್ರ ಬದಲಿಸಿದರೆ ಉಳಿಯುತ್ತದೆ. ಟಿಕ್ ಇಲ್ಲದ ಆ ದಿನಗಳಲ್ಲಿ ಜನ ಅನುಮಾನ ಪಡೋದು ಸಹಜ, ಅದನ್ನು ಮುಂಚೆಯೇ ಒಂದು ಪೋಸ್ಟ್‌ನಲ್ಲಿ ಹೇಳಿಬಿಡಿ.

ಹಳೇ ಬಾಗಿಲು ಯಾರ ಕೈಯಲ್ಲಿ?

ತುಂಬ ಜನ ಮರೆಯುವ ಭಾಗ ಇದು. ಹ್ಯಾಂಡಲ್ ಬದಲಿಸಿದ ಕ್ಷಣ ಹಳೇ ಹ್ಯಾಂಡಲ್ ಯಾರದ್ದೂ ಅಲ್ಲ. ಇನ್‌ಸ್ಟಾಗ್ರಾಂ ಸಾಮಾನ್ಯವಾಗಿ 14 ದಿನದವರೆಗೆ ನಿಮಗೆ ಹಿಂದಕ್ಕೆ ಹೋಗಲು ಅವಕಾಶ ಕೊಡುತ್ತದೆ. ಯೂಟ್ಯೂಬ್ ಕೂಡ ಹಳೇ ಹ್ಯಾಂಡಲ್ಲನ್ನು ಸಾಮಾನ್ಯವಾಗಿ 14 ದಿನ ಕಾದಿಡುತ್ತದೆ, ಆ ದಿನಗಳಲ್ಲಿ ಹಳೇ ಲಿಂಕ್, ಹೊಸ ಲಿಂಕ್ ಎರಡೂ ಕೆಲಸ ಮಾಡುತ್ತವೆ. ಎಕ್ಸ್‌ನಲ್ಲಿ ಅಂಥ ರಕ್ಷಣೆಯನ್ನು ನಂಬಿ ಕೂರಬೇಡಿ, ಬಿಟ್ಟ ಹೆಸರನ್ನು ಬೇರೆಯವರು ತೆಗೆದುಕೊಳ್ಳಬಹುದು.

ತೆಗೆದುಕೊಂಡವರು ಒಳ್ಳೆಯವರೇ ಆದರೆ ಗೊಂದಲ ಅಷ್ಟೇ. ಕೆಟ್ಟವರಾದರೆ? `@halehesaru` ಅನ್ನುವ ಖಾತೆ, ನಿಮ್ಮ ಹಳೇ ಲೋಗೊ, ನಿಮ್ಮದೇ ರೊಟ್ಟಿಯ ಫೋಟೊ, ಜೊತೆಗೆ ‘ಹಬ್ಬದ ಆಫರ್, ಈ ನಂಬರಿಗೆ ದುಡ್ಡು ಹಾಕಿ’ ಅನ್ನುವ ಪೋಸ್ಟ್. ಹಳೇ ಪ್ಯಾಕೆಟ್ಟಿನ ಮೇಲಿನ ಹ್ಯಾಂಡಲ್ ನೋಡಿಕೊಂಡು ಬಂದ ಗಿರಾಕಿ ದುಡ್ಡು ಕಳಿಸುತ್ತಾರೆ, ರೊಟ್ಟಿ ಬರೋದಿಲ್ಲ, ಬೈಗುಳ ನಿಮಗೆ.

ಹಾಗಾಗಿ ಹ್ಯಾಂಡಲ್ ಬದಲಿಸಿದ ಕೂಡಲೇ ಇನ್ನೊಂದು ಖಾತೆಯಿಂದ ಹಳೇ ಹ್ಯಾಂಡಲ್ಲನ್ನು ತೆಗೆದುಕೊಳ್ಳಲು ನೋಡಿ. ‘ಲಭ್ಯವಿಲ್ಲ’ ಅಂತ ಬಂದರೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು 14 ದಿನ ಮುಗಿದ ಮೇಲೆ ಮತ್ತೆ ಪ್ರಯತ್ನಿಸಿ. ಸಿಕ್ಕಿದ ಮೇಲೆ ಆ ಖಾತೆಯಲ್ಲಿ ಒಂದೇ ಒಂದು ಪೋಸ್ಟ್ ಇರಲಿ: ಹಳೇ ಲೋಗೊ, ಬಾಣದ ಗುರುತು, ಹೊಸ ಲೋಗೊ, ‘ನಾವೀಗ ಇಲ್ಲಿದ್ದೇವೆ’ ಅಂತ ಹೊಸ ಹ್ಯಾಂಡಲ್. ಅಲ್ಲಿಂದ ಬೇರೇನೂ ಹಾಕಬೇಡಿ. ಅದು ಅಂಗಡಿಯಲ್ಲ, ದಾರಿ ತೋರಿಸುವ ಫಲಕ.

ವೆಬ್‌ಸೈಟ್‌ಗೂ ಇದೇ ನಿಯಮ. ಹಳೇ ವಿಳಾಸದ ಪ್ರತಿ ಪುಟದಿಂದ ಹೊಸ ವಿಳಾಸದ ಅದೇ ಪುಟಕ್ಕೆ ಶಾಶ್ವತ ರೀಡೈರೆಕ್ಟ್ ಹಾಕಿಸಿ. ಮಾಡಿಕೊಡುವವರಿಗೆ ‘301 ಹಾಕಿ’ ಅಂದರೆ ಅರ್ಥವಾಗುತ್ತದೆ. ಎಲ್ಲವನ್ನೂ ಮುಖಪುಟಕ್ಕೆ ತಂದು ಬಿಟ್ಟರೆ ಶೇಂಗಾ ಚಟ್ನಿ ಹುಡುಕಿ ಬಂದವರು ಮತ್ತೆ ಮೊದಲಿಂದ ಹುಡುಕಬೇಕು. ಈ ರೀಡೈರೆಕ್ಟ್ ಕನಿಷ್ಠ ಒಂದು ವರ್ಷ ಇರಲಿ ಅನ್ನೋದು ಗೂಗಲ್‌ನ ಸಲಹೆ. ನನ್ನ ಮಾತು ಕೇಳಿದರೆ, ಹಳೇ ಡೊಮೇನ್ ಹೆಸರನ್ನು ಬಿಡಲೇಬೇಡಿ. ವರ್ಷಕ್ಕೊಮ್ಮೆ ನವೀಕರಿಸಲು ತಗಲುವ ಖರ್ಚು ಬಹಳ ಸಣ್ಣದು. ಬಿಟ್ಟರೆ ನಿಮ್ಮ ಹಳೇ ಇಮೇಲ್ ವಿಳಾಸಕ್ಕೆ ಬರುವ ಪತ್ರಗಳೂ ಹೊಸ ಮಾಲೀಕರ ಕೈಗೆ ಸಿಗಬಹುದು.

ಹಳೇ ವಿಳಾಸವನ್ನು ಎಷ್ಟು ದಿನ ಜೀವಂತ ಇಡಬೇಕು ಅನ್ನೋದಕ್ಕೆ ನಮ್ಮ ಕರಾವಳಿಯ ಬ್ಯಾಂಕ್ ಒಂದರ ಉದಾಹರಣೆ ಇದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್‌ನಲ್ಲಿ ವಿಲೀನವಾಯಿತು. ಆದರೆ `SYNB` ಅಂತ ಶುರುವಾಗುವ ಹಳೇ ಐಎಫ್ಎಸ್‌ಸಿ ಕೋಡ್‌ಗಳು 2021ರ ಜೂನ್ 30ರವರೆಗೂ ನಡೆದವು. ಅಂದರೆ 15 ತಿಂಗಳು. ಐಎಫ್ಎಸ್‌ಸಿ ಕೋಡ್ ಅಂದರೂ ಹ್ಯಾಂಡಲ್ ಥರವೇ ಒಂದು ವಿಳಾಸ, ಅದು ಸಂಬಳ ಹಾಕುವ ಕಚೇರಿಯಲ್ಲಿ, ಗ್ಯಾಸ್ ಸಬ್ಸಿಡಿ ಅರ್ಜಿಯಲ್ಲಿ, ಎಲ್ಲೆಲ್ಲೋ ಬರೆದಿಟ್ಟಿರುತ್ತದೆ. ಎಲ್ಲವನ್ನೂ ಒಂದೇ ದಿನ ತಿದ್ದಿಸೋದು ಬ್ಯಾಂಕಿನ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ.

ಇದಕ್ಕೇ ಪ್ಯಾಕೆಟ್ಟಿನ ಕ್ಯುಆರ್ ಕೋಡ್ ಬಗ್ಗೆ ಒಂದು ಮಾತು. ಅದರೊಳಗೆ ಇನ್‌ಸ್ಟಾಗ್ರಾಂ ಲಿಂಕ್ ಹಾಕಿ ಅಚ್ಚು ಹಾಕಿಸಬೇಡಿ. ನಿಮ್ಮದೇ ವೆಬ್‌ಸೈಟಿನ ಒಂದು ಪುಟದ ಲಿಂಕ್ ಹಾಕಿ, ಆ ಪುಟದಿಂದ ಉಳಿದ ಕಡೆಗೆ ಕಳಿಸಿ. ನಾಳೆ ಏನೇ ಬದಲಾದರೂ ಆ ಒಂದು ಪುಟ ತಿದ್ದಿದರೆ ಸಾಕು. ಯೂಟ್ಯೂಬ್‌ಗೆ ನೇರ ಲಿಂಕ್ ಬೇಕೇಬೇಕು ಅಂದರೆ `youtube.com/channel/` ಅಂತ ಶುರುವಾಗುವ ಉದ್ದದ ವಿಳಾಸ ಬಳಸಿ. ಹೆಸರು, ಹ್ಯಾಂಡಲ್ ಏನೇ ಆದರೂ ಅದು ಬದಲಾಗೋದಿಲ್ಲ.

ಗಿರಾಕಿ ದುಡ್ಡು ಹಾಕುವ ಕ್ಷಣ

ಫಾಲೋವರ್ ಒಬ್ಬರು ಹೋದರೆ ಮತ್ತೆ ಬರಬಹುದು. ಆದರೆ ದುಡ್ಡು ಕಳಿಸುವ ಹೊತ್ತಿಗೆ ಅನುಮಾನ ಬಂದರೆ ಆ ಆರ್ಡರ್ ಅಲ್ಲಿಗೇ ಮುಗಿಯಿತು. ಹೊಸ ಹೆಸರಿನ ಪ್ಯಾಕೆಟ್, ಹೊಸ ಹೆಸರಿನ ಪೋಸ್ಟರ್ ನೋಡಿ ಗಿರಾಕಿ ಸ್ಕ್ಯಾನ್ ಮಾಡುತ್ತಾರೆ. ಯುಪಿಐ ಪರದೆಯಲ್ಲಿ ಬರೋದು ಬ್ಯಾಂಕ್‌ನಲ್ಲಿ ದಾಖಲಾದ ಹೆಸರು. ಅದು ಇನ್ನೂ ಹಳೆಯದೇ. ಮೋಸದ ಸುದ್ದಿ ದಿನಾ ಓದುವ ಜನ, ಬೇರೆ ಹೆಸರು ಕಂಡ ಕೂಡಲೇ ಹಿಂದೆ ಸರಿಯೋದು ಸರಿಯಾದ ನಡೆಯೇ.

ಎರಡು ಕೆಲಸ ಮಾಡಬೇಕು. ಬ್ಯಾಂಕ್ ಖಾತೆ ಅಂಗಡಿಯ ಹೆಸರಲ್ಲಿದ್ದರೆ ಅಲ್ಲೂ ಹೆಸರು ಬದಲಿಸಲು ಅರ್ಜಿ ಕೊಡಿ. ಅದಾಗುವ ತನಕ ಸ್ಕ್ಯಾನರ್ ಪಕ್ಕದಲ್ಲೇ, ವಾಟ್ಸ್‌ಆ್ಯಪ್ ಸಂದೇಶದಲ್ಲೂ, ‘ಸ್ಕ್ಯಾನ್ ಮಾಡಿದಾಗ ಇಂಥ ಹೆಸರು ಬರುತ್ತದೆ, ಅದು ನಮ್ಮದೇ’ ಅಂತ ಬರೆಯಿರಿ. ಖಾತೆ ಅಕ್ಕನ ಸ್ವಂತ ಹೆಸರಲ್ಲೇ ಇದ್ದರೆ ಏನೂ ಬದಲಾಗೋದಿಲ್ಲ, ಅದನ್ನೇ ಆಸರೆ ಮಾಡಿಕೊಳ್ಳಿ.

ಫೋನ್ ನಂಬರನ್ನು ಮಾತ್ರ ಯಾವ ಕಾರಣಕ್ಕೂ ಈ ಹೊತ್ತಿನಲ್ಲಿ ಬದಲಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಗುರುತು ಅಂದರೆ ಆ ನಂಬರು. ಗಿರಾಕಿ ತನ್ನ ಮೊಬೈಲ್‌ನಲ್ಲಿ ‘ರೊಟ್ಟಿ ಅಕ್ಕ’ ಅಂತ ಸೇವ್ ಮಾಡಿಕೊಂಡಿದ್ದರೆ ನೀವು ಏನು ಹೆಸರಿಟ್ಟುಕೊಂಡರೂ ಅವರಿಗೆ ಕಾಣೋದು ‘ರೊಟ್ಟಿ ಅಕ್ಕ’ನೇ. ಹಚ್‌ನ ನಾಯಿಮರಿ ಮಾಡಿದ ಕೆಲಸವನ್ನು ನಿಮ್ಮ ನಂಬರ್ ಮಾಡುತ್ತದೆ. ಆದ್ದರಿಂದ ಗಿರಾಕಿಗಳಿಗೆ ಕಳಿಸುವ ಸಂದೇಶ ಚಿಕ್ಕದಾಗಿರಲಿ, ಬದಲಾಗದ್ದನ್ನು ಮೊದಲು ಹೇಳಲಿ. ಹೀಗೆ: ‘ನಮಸ್ಕಾರ. ನಮ್ಮ ಅಂಗಡಿಯ ಹೆಸರು ಬದಲಾಗಿದೆ. ಮಾಡುವವರು ನಾವೇ, ಫೋನ್ ನಂಬರ್ ಇದೇ, ದುಡ್ಡು ಹಾಕುವ ಯುಪಿಐ ಅದೇ. ಬೇರೆ ನಂಬರಿಗೆ ದುಡ್ಡು ಕೇಳಿದರೆ ಅದು ನಾವಲ್ಲ.’ ಹೊಸ ಹೆಸರಿನ ಅರ್ಥ, ನಮ್ಮ ಪಯಣ, ನಮ್ಮ ಕನಸು ಇವೆಲ್ಲ ಬೇರೆ ಪೋಸ್ಟ್‌ನಲ್ಲಿ ಇರಲಿ.

ಗೂಗಲ್ ಮ್ಯಾಪ್‌ನಲ್ಲೂ ಹೊಸ ಅಂಗಡಿ ಸೇರಿಸಬೇಡಿ. ಇರುವುದರ ಹೆಸರನ್ನೇ ತಿದ್ದಿ. ಜನ ಬರೆದ ಅಭಿಪ್ರಾಯ, ಕೊಟ್ಟ ನಕ್ಷತ್ರ ಉಳಿಯುತ್ತವೆ. ಬೋರ್ಡಿನಲ್ಲಿ ಇರುವ ಹೆಸರೇ ಅಲ್ಲೂ ಇರಬೇಕು ಅನ್ನೋದು ಗೂಗಲ್‌ನ ನಿಯಮ, ಮತ್ತೆ ಪರಿಶೀಲನೆಯನ್ನೂ ಕೇಳಬಹುದು. ಹಾಗಾಗಿ ಮೊದಲು ಅಂಗಡಿಯ ಬೋರ್ಡ್ ಬದಲಿಸಿ, ಅದರ ಫೋಟೊ ತೆಗೆದು ಹಾಕಿ, ಆಮೇಲೆ ಹೆಸರು ತಿದ್ದಿ.

ಮುಗಿಯಿತು ಅಂತ ಹೇಗೆ ಗೊತ್ತಾಗುತ್ತೆ?

ಮೊದಲ ಎರಡು ದಿನ ಫಾಲೋವರ್ ಸಂಖ್ಯೆ ಸ್ವಲ್ಪ ಇಳಿದರೆ ಗಾಬರಿ ಬೇಡ. ಯಾವ ವಾರವೂ ಒಂದಿಷ್ಟು ಜನ ಬಿಟ್ಟುಹೋಗುತ್ತಲೇ ಇರುತ್ತಾರೆ. ಹೆಸರು ಬದಲಿಸುವ ಮೊದಲಿನ ನಾಲ್ಕು ವಾರ ವಾರಕ್ಕೆ ಎಷ್ಟು ಜನ ಬಿಡುತ್ತಿದ್ದರು ಅಂತ ಬರೆದಿಟ್ಟುಕೊಳ್ಳಿ, ಆಮೇಲಿನ ನಾಲ್ಕು ವಾರಕ್ಕೆ ಹೋಲಿಸಿ. ನಮ್ಮ ಅಕ್ಕನಿಗೆ ಮೊದಲು ವಾರಕ್ಕೆ 60 ಜನ ಬಿಡುತ್ತಿದ್ದರು ಅಂತಿಟ್ಟುಕೊಳ್ಳಿ. ಬದಲಾದ ವಾರ 150 ಆಗಿ, ಮುಂದಿನ ವಾರ 80ಕ್ಕೆ ಬಂದರೆ ಸರಿಹೋಗುತ್ತಿದೆ ಅಂತ ಅರ್ಥ. ಮೂರನೇ ವಾರವೂ 150 ಇದ್ದರೆ ಜನರಿಗೆ ನೀವು ಯಾರು ಅಂತ ಗೊತ್ತಾಗುತ್ತಿಲ್ಲ. ಆಗ ಹಳೇ ಲೋಗೊ ಮತ್ತು ನಿಮ್ಮ ಮುಖ ಎರಡೂ ಇರುವ ಒಂದು ಚಿಕ್ಕ ವಿಡಿಯೊ ಹಾಕಿ ಮೇಲೆ ಪಿನ್ ಮಾಡಿ.

ಇದಕ್ಕಿಂತ ನಂಬಿಕಸ್ಥ ಗುರುತು ಎರಡು ಇವೆ. ಒಂದು, ‘ಇದು ನೀವೇನಾ?’ ಅಂತ ಬರುವ ಸಂದೇಶಗಳು. ಅವನ್ನು ವಾರವಾರ ಎಣಿಸಿ. ಇನ್ನೊಂದು, ಜನ ಯಾವ ಹೆಸರಿನಿಂದ ಹುಡುಕುತ್ತಿದ್ದಾರೆ ಅನ್ನೋದು. ಅದನ್ನು ಗೂಗಲ್‌ನ ಬಿಸಿನೆಸ್ ಪ್ರೊಫೈಲ್‌ನಲ್ಲಿ ಅಂಗಡಿಗೆ, ಸರ್ಚ್ ಕನ್ಸೋಲ್‌ನಲ್ಲಿ ವೆಬ್‌ಸೈಟ್‌ಗೆ ಪುಕ್ಕಟೆಯಾಗಿ ನೋಡಬಹುದು. ಹಳೇ ಹೆಸರಲ್ಲಿ ಹುಡುಕುವವರು ಇರುವ ತನಕ ‘ಹಿಂದಿನ ಹೆಸರು ಇಂಥದ್ದು’ ಅನ್ನುವ ಸಾಲನ್ನು ಬಯೊದಿಂದ, ವೆಬ್‌ಸೈಟಿನಿಂದ, ಪ್ಯಾಕೆಟ್ಟಿನಿಂದ ತೆಗೆಯಬೇಡಿ. ಆರು ತಿಂಗಳು ಹಿಡಿಯಬಹುದು, ವರ್ಷವೂ ಹಿಡಿಯಬಹುದು. ನಿಮಗೆ ಹೊಸ ಹೆಸರು ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ, ಯಾಕೆಂದರೆ ದಿನಾ ನೋಡುತ್ತೀರಿ. ತಿಂಗಳಿಗೊಮ್ಮೆ ರೊಟ್ಟಿ ತರಿಸುವ ಗಿರಾಕಿ ಅದನ್ನು ಈವರೆಗೆ ನೋಡಿರೋದು ಒಂದೋ ಎರಡೋ ಸಲ.

ಇವತ್ತಿಗೆ ಇಷ್ಟು. ನಿಮ್ಮ ಹೆಸರು ಬದಲಾವಣೆಯಲ್ಲಿ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಬರೆದು ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಮಾತಾಡೋಣ.